ಹೆಸರು ಮಡಚಿಟ್ಟ ಕೋಷ್ಟಕ

ಶೇಕಡಕ್ಕನ ಎದುರು ‘ಸುಮಾರು’ ಎಂಬ ಮಾತನ್ನು ಆಡುವ ಧೈರ್ಯ ಆ ಪತ್ರಿಕಾ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಹೊಸದಾಗಿ ಬಂದ ವರದಿಗಾರನೊಬ್ಬ ಒಮ್ಮೆ “ಸುಮಾರು ಅರ್ಧದಷ್ಟು ಜನ ಮತ ಹಾಕಿದ್ದಾರೆ ಅಕ್ಕ” ಅಂದುಬಿಟ್ಟಿದ್ದ. “ಅರ್ಧಕ್ಕೆ ಮೇಲೋ ಕೆಳಗೋ?” ಎಂದು ಇವಳು ಕನ್ನಡಕದ ಮೇಲಿನಿಂದ ನೋಡಿದ ನೋಟಕ್ಕೆ ಅವನು ಎರಡು ದಿನ ಅವಳ ಮೇಜಿನ ಕಡೆ ಸುಳಿದಿರಲಿಲ್ಲ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ವರದಿಗಾರರಿಂದ ಹಿಡಿದು ಚಹಾ ತರುವವರವರೆಗೆ ಎಲ್ಲರಿಗೂ ಅವಳು ಶೇಕಡಕ್ಕ.

ಕೆಲಸ ಏನೆಂದರೆ, ತಾಳೆ ನೋಡುವುದು. ಪತ್ರಿಕೆಯವರು ಪ್ರತಿ ಚುನಾವಣೆ ಮುಗಿದ ಮೇಲೆ ಒಂದು ಫಲಿತಾಂಶ ಕೈಪಿಡಿ ತರುತ್ತಿದ್ದರು. ಪ್ರತಿ ಕ್ಷೇತ್ರಕ್ಕೂ ಒಂದು ಕೋಷ್ಟಕ: ಈ ಸಲ ಯಾರಿಗೆ ಎಷ್ಟು ಮತ, ಅದು ಸಿಂಧುವಾದ ಒಟ್ಟು ಮತಗಳಲ್ಲಿ ಶೇಕಡಾ ಎಷ್ಟು, ಗೆದ್ದವರಿಗೂ ಎರಡನೆಯವರಿಗೂ ಅಂತರ ಎಷ್ಟು, ಹೋದ ಸಲಕ್ಕೆ ಹೋಲಿಸಿದರೆ ಯಾರ ಪಾಲು ಎಷ್ಟು ಏರಿತು, ಎಷ್ಟು ಇಳಿಯಿತು. ಈ ಕೊನೆಯದನ್ನು ಕಚೇರಿಯಲ್ಲಿ ಎಲ್ಲರೂ ಸ್ವಿಂಗ್ ಅನ್ನುತ್ತಿದ್ದರು, ಶೇಕಡಕ್ಕ ಮಾತ್ರ ಏರಿಳಿತ ಅನ್ನುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷಗಳಿಂದ ಆ ಕೋಷ್ಟಕಗಳ ಕೆಳಗೆ ಅವಳ ಕೆಂಪು ಶಾಯಿಯ ಗುರುತು ಬೀಳದೆ ಒಂದು ಪುಟವೂ ಅಚ್ಚಿಗೆ ಹೋಗಿರಲಿಲ್ಲ. ದೊಡ್ಡ ದೊಡ್ಡ ಪಕ್ಷಗಳ ಕಚೇರಿಗಳಲ್ಲೂ ಯಾರಿಗೆ ಟಿಕೆಟ್, ಯಾರಿಗೆ ಇಲ್ಲ ಎಂದು ತೀರ್ಮಾನವಾಗುವಾಗ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತಿದ್ದದ್ದು ಈ ಕೈಪಿಡಿಯೇ.

ಮನೆಯಲ್ಲೂ ಇದೇ ರಗಳೆ. ಗಂಡ ಗಡಿಯಾರ ರಿಪೇರಿಯವನು, ಸಮಾಧಾನಿ. ಪಪ್ಪಾಯಿ ಹೆಚ್ಚಿ ಎರಡು ತಟ್ಟೆಗೆ ಹಾಕಿದರೆ, “ನನ್ನ ಪಾಲು ಹೋದ ವಾರಕ್ಕಿಂತ ಶೇಕಡಾ ಐದು ಇಳಿದಿದೆ, ಮರು ಎಣಿಕೆ ಆಗ್ಬೇಕು” ಎಂದು ರೇಗಿಸುತ್ತಿದ್ದ. “ಶೇಕಡಾ ಐದು ಅನ್ನಬೇಡಿ, ಐದು ಅಂಶ ಅನ್ನಿ. ಐವತ್ತರಿಂದ ನಲವತ್ತೈದಕ್ಕೆ ಇಳಿದರೆ ಅದು ಐದು ಅಂಶ. ಶೇಕಡಾ ಲೆಕ್ಕದಲ್ಲಿ ಹತ್ತು ಇಳಿದಂಗೆ” ಎಂದು ಅವಳು ಗಂಭೀರವಾಗಿ ತಿದ್ದುತ್ತಿದ್ದಳು. ಅವನು ಹಣ್ಣು ತಿಂದು ಮುಗಿಸಿರುತ್ತಿದ್ದ.

ತಾಳೆ ನೋಡುವುದರಲ್ಲಿ ಅವಳಿಗೆ ಅವಳದೇ ಒಂದು ಪದ್ಧತಿ ಇತ್ತು, ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು. ಪುಟ ಕೈಗೆ ಬಂದ ಕೂಡಲೇ ಹೆಸರಿನ ಕಾಲಮನ್ನು ಉಗುರಿನಿಂದ ಗೀರಿ ಹಿಂದಕ್ಕೆ ಮಡಚಿಬಿಡುತ್ತಿದ್ದಳು. ಕಣ್ಣಿಗೆ ಅಂಕಿಗಳು ಮಾತ್ರ. “ಹೆಸರು ನೋಡಿದರೆ ಮನಸ್ಸು ಆ ಕಡೆ ಈ ಕಡೆ ವಾಲುತ್ತೆ. ನನಗೆ ಬೇಕಾದವರ ಅಂಕಿ ಸರಿಯಾಗೇ ಇದೆ ಅನ್ನಿಸುತ್ತೆ, ಬೇಡದವರದ್ದು ತಪ್ಪು ಅನ್ನಿಸುತ್ತೆ. ನನಗೆ ಯಾರ ಹೆಸರೂ ಬೇಡ” ಅನ್ನುತ್ತಿದ್ದಳು. ಕಚೇರಿಗೆ ಕಲಿಯಲು ಬಂದವರಿಗೆಲ್ಲ ಸಂಪಾದಕರು ಈ ಮಡಚಿದ ಹಾಳೆಯನ್ನು ತೋರಿಸಿ, ನಿಷ್ಪಕ್ಷಪಾತ ಅಂದರೆ ಇದಪ್ಪಾ ಎಂದು ಭಾಷಣ ಬಿಗಿಯುತ್ತಿದ್ದರು. ಶೇಕಡಕ್ಕ ಆಗ ಕೇಳಿಸದವಳ ಹಾಗೆ ಪೆನ್ಸಿಲ್ ಚೂಪು ಮಾಡುತ್ತಾ ಕೂರುತ್ತಿದ್ದಳು.

ಆ ಬುಧವಾರ ಬೆಳಿಗ್ಗೆ ಅವರ ಊರಿನದೇ ಕ್ಷೇತ್ರದ ಪುಟ ಬಂತು. ಪುಟ ಕಟ್ಟುವ ಕೆಲಸ ಮಾಡುತ್ತಿದ್ದವನನ್ನು ಎಲ್ಲರೂ ಪುಟದಣ್ಣ ಅನ್ನುತ್ತಿದ್ದರು. ಅವಳಿಗಿಂತ ಎರಡು ವರ್ಷ ದೊಡ್ಡವನು, ಕಂಪ್ಯೂಟರ್ ಬಂದ ಮೇಲೆ ಅದಕ್ಕೇ ಗಂಟುಬಿದ್ದವನು. ಅವನು ಹಾಳೆ ಇಟ್ಟು ಹಿಂತಿರುಗುವಷ್ಟರಲ್ಲೇ ಇವಳು ಕರೆದಳು.

“ಅಣ್ಣಾ, ಹೋದ ಸಲದ ಅಂತರ ಎಂಟೂವರೆ ಅಂತ ಹಾಕಿದ್ದೀರಿ.”

“ನಲವತ್ತೆರಡು ಪಾಯಿಂಟ್ ಒಂಬತ್ತೈದರಲ್ಲಿ ಮೂವತ್ನಾಲ್ಕು ಪಾಯಿಂಟ್ ನಾಲ್ಕೈದು ಕಳೆದರೆ ಎಂಟೂವರೆನೇ ಅಲ್ವಾ? ಕಂಪ್ಯೂಟರೇ ಕಳೆದಿದೆ.”

“ನೀವು ಕಳೆಯೋಕೆ ಹೇಳಿದ್ದನ್ನ ಅದು ಕಳೆದಿದೆ. ಅವೆರಡೂ ಆಗಲೇ ಎರಡು ದಶಾಂಶಕ್ಕೆ ದುಂಡು ಮಾಡಿದ ಅಂಕಿ. ಅಂತರ ಮತದಿಂದ ಬರಬೇಕು. ಹತ್ತೊಂಬತ್ತು ಸಾವಿರದ ಎಂಟುನೂರ ನಲವತ್ತಾರರಲ್ಲಿ ಹದಿನೈದು ಸಾವಿರದ ಒಂಬೈನೂರ ಇಪ್ಪತ್ತೊಂದು ಕಳೀರಿ. ಮೂರು ಸಾವಿರದ ಒಂಬೈನೂರ ಇಪ್ಪತ್ತೈದು. ಅದನ್ನ ಒಟ್ಟು ನಲವತ್ತಾರು ಸಾವಿರದ ಇನ್ನೂರ ಹತ್ತರಿಂದ ಭಾಗಿಸಿ, ನೂರರಿಂದ ಗುಣಿಸಿ.”

ಪುಟದಣ್ಣ ಕ್ಯಾಲ್ಕುಲೇಟರ್ ಒತ್ತಿದ. 8.4938 ಎಂದು ತೋರಿಸಿತು. “ಎಂಟು ಪಾಯಿಂಟ್ ನಾಲ್ಕು ಒಂಬತ್ತು” ಎಂದ, ಹಲ್ಲು ನೋವು ಬಂದವನ ಹಾಗೆ. “ಈ ಸಲದ್ದು ಕೂಡಿದರೆ ನೂರು ಪಾಯಿಂಟ್ ಸೊನ್ನೆ ಒಂದು ಬರ್ತಿದೆ, ಯಾರದ್ದಾದರೂ ಒಂದು ಚೂರು ಕೆರೆದುಬಿಡ್ಲಾ?”

“ಯಾರ ಮೈಯಿಂದ ಕೆರೀತೀರಿ? ದುಂಡು ಮಾಡಿದ್ದರಿಂದ ಮೊತ್ತದಲ್ಲಿ ಸಣ್ಣ ವ್ಯತ್ಯಾಸ ಇರಬಹುದು ಅಂತ ಅಡಿಯಲ್ಲಿ ಒಂದು ಸಾಲು ಹಾಕಿ, ಸಾಕು.”

ಏರಿಳಿತದ ಕಾಲಂ ಕೂಡಿದಳು. ಈ ಸಲ ಗೆದ್ದವರಿಗೆ 14.91 ಏರಿಕೆ. ಹೋದ ಸಲ ಗೆದ್ದು ಈಗ ಸೋತವರಿಗೂ 1.93 ಏರಿಕೆ. ಇತರರಿಗೆ 0.97. ಕೆಳಗೆ ಒಬ್ಬರಿಗೆ 14.71 ಇಳಿಕೆ, ಈ ಸಲ ಸ್ಪರ್ಧಿಸದ ಇನ್ನೊಬ್ಬರ ಸಾಲಿನಲ್ಲಿ 3.10 ಇಳಿಕೆ. ಏರಿದ್ದೆಲ್ಲ 17.81, ಇಳಿದದ್ದೆಲ್ಲ 17.81. ಒಬ್ಬರ ಪಾಲು ಏರಬೇಕಾದರೆ ಇನ್ನೊಬ್ಬರದು ಇಳಿಯಲೇಬೇಕಲ್ಲ, ಒಟ್ಟು ಯಾವಾಗಲೂ ನೂರೇ. ಕೂಡಿ ಕಳೆದು ಸೊನ್ನೆ ಬಂದಾಗ ಅವಳಿಗೆ ಹೊಟ್ಟೆ ತುಂಬಿದಷ್ಟು ಖುಷಿಯಾಗುತ್ತಿತ್ತು. ಕೆಂಪು ಪೆನ್ನಿನ ಮುಚ್ಚಳ ತೆಗೆದಳು.

ಅಷ್ಟರಲ್ಲಿ ಸಂಪಾದಕರು ಬಂದು ಹಿಂದೆ ನಿಂತರು. “ಮೇಡಂ, ಆ ಹದಿನಾಲ್ಕು ನೋಡಿದ್ರಾ? ಸೈಕಲ್ ಅಂಗಡಿ ಯಜಮಾನರು ಹದಿನೇಳು ಪಾಯಿಂಟ್ ಎಂಟೊಂಬತ್ತರಿಂದ ಮೂರು ಪಾಯಿಂಟ್ ಒಂದೆಂಟಕ್ಕೆ ಬಿದ್ದಿದ್ದಾರೆ. ಗೆದ್ದವರು ಹೆಚ್ಚುಕಮ್ಮಿ ಅಷ್ಟೇ ಏರಿದ್ದಾರೆ. ಸೈಕಲ್ ಮತವೆಲ್ಲ ಉರುಳಿಕೊಂಡು ಅಲ್ಲಿಗೇ ಹೋಗಿದೆ! ನಾಳೆ ಮುಖಪುಟಕ್ಕೆ ಇದೇ ತಲೆಬರಹ. ಅವರನ್ನ ಫೋನಿನಲ್ಲಿ ಹಿಡಿದು ಒಂದು ಮಾತು ಕೇಳಿ, ನಿಮ್ಮ ಹತ್ರ ಆದ್ರೆ ನಿಜ ಹೇಳ್ತಾರೆ.”

“ಯಾರ ಮತ ಯಾರಿಗೆ ಹೋಯ್ತು ಅಂತ ಈ ಕೋಷ್ಟಕ ಹೇಳಲ್ಲ ಸರ್. ಎಷ್ಟು ಏರಿತು, ಎಷ್ಟು ಇಳೀತು ಅಷ್ಟೇ ಹೇಳುತ್ತೆ” ಎಂದಳು ಶೇಕಡಕ್ಕ. ಆದರೂ ಫೋನು ತಿರುಗಿಸಿದಳು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಆ ಊರಿನಲ್ಲಿ ಚಾಲಕರು, ಸಂತೆ ವ್ಯಾಪಾರಿಗಳು, ಮಾಸ್ತರರು, ಹೀಗೆ ಹತ್ತಾರು ಸಂಘಗಳು ಸೇರಿ ಕಟ್ಟಿಕೊಂಡ ಒಕ್ಕೂಟವೊಂದಿತ್ತು. ದೊಡ್ಡ ಪಕ್ಷಗಳ ಹಂಗು ಬೇಡವೆಂದು ತಮ್ಮವರನ್ನೇ ಒಬ್ಬರನ್ನು ನಿಲ್ಲಿಸುವುದು ಅವರ ಆಸೆ. ಹೋದ ಸಲ ಒಕ್ಕೂಟವಿನ್ನೂ ಹುಟ್ಟಿರಲಿಲ್ಲ. ಸೈಕಲ್ ಅಂಗಡಿ ಯಜಮಾನರೂ ಟ್ರಸ್ಟಿನವರ ಆರೋಗ್ಯ ಕೇಂದ್ರದ ನರ್ಸಮ್ಮನೂ ಬೇರೆ ಬೇರೆಯಾಗಿ, ಯಾರ ಬಲವೂ ಇಲ್ಲದೆ ನಿಂತಿದ್ದರು. ಈ ಸಲ ಒಕ್ಕೂಟ ಕೈಪಿಡಿ ಬಿಚ್ಚಿ ನೋಡಿ, 17.89 ತಂದವರು ಇವರೇ ಎಂದು ಸೈಕಲ್ ಯಜಮಾನರನ್ನು ನಿಲ್ಲಿಸಿತು. ನರ್ಸಮ್ಮ ಹಿಂದೆ ಸರಿದರು. ಯಜಮಾನರು ಮಕಾಡೆ ಮಲಗಿದರು. ಇನ್ನೆರಡು ತಿಂಗಳಿಗೆ ನಗರಾಧ್ಯಕ್ಷರ ಚುನಾವಣೆ ಬರುವುದಿತ್ತು. ನಮ್ಮವರಿಗೆ ಜನ ಬೆನ್ನು ತಿರುಗಿಸಿದ್ದಾರೆ, ಇನ್ನು ಯಾರನ್ನೂ ನಿಲ್ಲಿಸುವುದು ಬೇಡ, ಅಂಗಡಿ ಮುಚ್ಚೋಣ ಎಂದು ಒಕ್ಕೂಟದ ಹಿರಿಯರು ಬರುವ ಭಾನುವಾರ ಸಭೆ ಕರೆದಿದ್ದರು.

ಫೋನಿನಲ್ಲಿ ಸೈಕಲ್ ಯಜಮಾನ ಸಿಕ್ಕಿದ. ಹಿಂದೆ ಯಾರೋ ಚಕ್ರಕ್ಕೆ ಗಾಳಿ ಹೊಡೆಯುವ ಸದ್ದು.

“ಯಜಮಾನ್ರೇ, ನಿಮ್ಮ ಮತ ಇಷ್ಟು ಬಿದ್ದದ್ದು ಯಾಕೆ ಅಂತ ಸಂಪಾದಕರು ಕೇಳ್ತಿದ್ದಾರೆ.”

“ಬಿದ್ದದ್ದು ಅಂದ್ರೇನಮ್ಮ? ಸೋತೆ ಅಂತ ಬರ್ಕೊಳ್ಳಿ, ಬೇಜಾರಿಲ್ಲ. ಬಿದ್ದೆ ಅಂತ ಬರೀಬೇಡಿ. ಹೋದ ಸಲಕ್ಕಿಂತ ನೂರ ಮೂವತ್ತಮೂರು ಮತ ಜಾಸ್ತಿನೇ ತಗೊಂಡಿದ್ದೀನಿ!”

ಶೇಕಡಕ್ಕನ ಪೆನ್ನು ನಿಂತಿತು. “ಈ ಸಲ ನಿಮ್ಮದು ಸಾವಿರದ ಐನೂರ ಅರವತ್ತೈದು.”

“ಹೌದು. ಹೋದ ಸಲ ಸಾವಿರದ ನಾನೂರ ಮೂವತ್ತೆರಡು. ನನ್ನ ಮತ ನನಗೆ ಗೊತ್ತಿಲ್ವಾ?” ಎಂದವನು ಅಲ್ಲಿಗೆ ತಟ್ಟನೆ ನಿಲ್ಲಿಸಿದ. ಗಾಳಿ ಹೊಡೆಯುವ ಸದ್ದೂ ನಿಂತಿತು. ಆಮೇಲೆ ಸಣ್ಣ ದನಿಯಲ್ಲಿ, “ಪುಸ್ತಕದಲ್ಲಿ ಬೇರೆ ಇದೆ ಅಲ್ವಾ... ಆಮೇಲೆ ಮಾತಾಡೋಣಮ್ಮ” ಎಂದು ಫೋನಿಟ್ಟ.

ಅವಳು ಎದ್ದು ಮೂಲೆಯ ಕಬ್ಬಿಣದ ಬೀರು ತೆಗೆದಳು. ಐದು ವರ್ಷದ ಹಿಂದೆ ಚುನಾವಣಾಧಿಕಾರಿ ಕಚೇರಿಯಿಂದ ತಂದಿದ್ದ ಮೂಲ ಪಟ್ಟಿ ಧೂಳು ಹಿಡಿದು ಮಲಗಿತ್ತು. ಅದರ ಹೆಸರಿನ ಕಾಲಂ ಈಗಲೂ ಹಿಂದಕ್ಕೆ ಮಡಚಿಯೇ ಇತ್ತು, ಅವಳೇ ಮಡಚಿದ್ದು. ಮಡಿಕೆ ಗಟ್ಟಿಯಾಗಿ, ಬಿಡಿಸಿದರೆ ಹರಿಯುವ ಹಾಗಿತ್ತು. ಮೆಲ್ಲಗೆ ಬಿಡಿಸಿದಳು. ಪಟ್ಟಿಯಲ್ಲಿ ನಾಲ್ಕನೆಯ ಸಾಲು ನರ್ಸಮ್ಮ, 8,267. ಐದನೆಯ ಸಾಲು ಸೈಕಲ್ ಯಜಮಾನ, 1,432. ಪುಸ್ತಕ ತೆಗೆದು ನೋಡಿದಳು. ಅಲ್ಲಿ 8,267ರ ಎದುರು ಸೈಕಲ್ ಯಜಮಾನ, 1,432ರ ಎದುರು ನರ್ಸಮ್ಮ.

ಮೂಲಪಟ್ಟಿ ಮತಪತ್ರದ ಕ್ರಮದಲ್ಲಿತ್ತು, ಪುಸ್ತಕದಲ್ಲಿ ಮತ ಹೆಚ್ಚಿದ್ದವರು ಮೇಲೆ. ಕ್ರಮ ಬದಲಿಸಿ ಟೈಪು ಮಾಡುವಾಗ ಯಾರದೋ ಕಣ್ಣು ಒಂದು ಸಾಲು ಜಾರಿತ್ತು. ಮತಗಳು ಒಂದೂ ಕಳೆದುಹೋಗಿರಲಿಲ್ಲ. ಒಟ್ಟು ಸರಿ. ಶೇಕಡಾ ಸರಿ. ಗೆದ್ದವರ ಅಂತರ ಸರಿ. ಎಷ್ಟು ಸಲ ಕೂಡಿದರೂ ತಾಳೆಯಾಗುವಂಥ ತಪ್ಪು. ಹೆಸರು ನೋಡಿದ್ದರೆ ಒಂದೇ ಕ್ಷಣದಲ್ಲಿ ಸಿಗುತ್ತಿತ್ತು, ಅವಳು ನೋಡಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಅದೇ ಕಡತದ ಕೆಳಗೆ ಇತ್ತು. ನರ್ಸಮ್ಮ ಆಗಲೇ ಒಂದು ಕಾಗದ ಬರೆದಿದ್ದರು: ನನ್ನ ಮತ 8,267, ತಮ್ಮ ಪುಸ್ತಕದಲ್ಲಿ 1,432 ಎಂದಿದೆ, ದಯವಿಟ್ಟು ಮೂಲ ನೋಡಿ. ಅದಕ್ಕೆ ಶೇಕಡಕ್ಕ ಕೊಟ್ಟ ಉತ್ತರದ ನಕಲು ಅದರ ಹಿಂದೆಯೇ ಪಿನ್ನು ಚುಚ್ಚಿಕೊಂಡು ಕೂತಿತ್ತು. ‘ತಮ್ಮ ಕ್ಷೇತ್ರದ ಕೋಷ್ಟಕವನ್ನು ಮೂಲದೊಂದಿಗೆ ಮತ್ತೊಮ್ಮೆ ಪರಿಶೀಲಿಸಲಾಗಿದೆ. ಮೊತ್ತ, ಶೇಕಡಾವಾರು ಮತ್ತು ಅಂತರ ಸಂಪೂರ್ಣ ತಾಳೆಯಾಗಿವೆ. ತಮ್ಮ ಆಕ್ಷೇಪಕ್ಕೆ ಆಧಾರವಿಲ್ಲ.’ ಆ ವರ್ಷ ಸೋತವರಿಂದ ಅಂಥ ಕಾಗದಗಳು ನಲವತ್ತರ ತನಕ ಬಂದಿದ್ದವು. ಎಲ್ಲಕ್ಕೂ ಅವಳು ಹಾಳೆ ಮಡಚಿಕೊಂಡೇ ಉತ್ತರ ಬರೆದಿದ್ದಳು. ಪರಿಶೀಲಿಸಿದ್ದೇನೋ ನಿಜ, ಎರಡು ಅಂಕಿಯೂ ಮೂಲದಲ್ಲಿ ಇದ್ದವಲ್ಲ.

ನೀರು ಕುಡಿದು, ಎರಡೂ ಹಾಳೆ ಹಿಡಿದು ಸಂಪಾದಕರ ಕೋಣೆಗೆ ಹೋದಳು. ಅವರು ಓದಿ, ಕುರ್ಚಿಗೆ ಒರಗಿ, “ನನ್ನ ತಲೆಬರಹ ಹೋಯ್ತು” ಎಂದರು ಮೊದಲಿಗೆ. ಆಮೇಲೆ ಅವಳ ಮುಖ ನೋಡಿ ಮೆತ್ತಗಾದರು. “ಹೋಗ್ಲಿ ಬಿಡಿ ಮೇಡಂ. ಹೊಸ ಪುಸ್ತಕದಲ್ಲಿ ಹಳೇ ಅಂಕಿ ಸರಿ ಮಾಡಿ ಹಾಕೋಣ. ಸೈಕಲ್‌ನವರಿಗೆ ಏರಿಕೆ ಸೊನ್ನೆ ಪಾಯಿಂಟ್ ಸೊನ್ನೆ ಎಂಟು, ನರ್ಸಮ್ಮನ ಸಾಲಿಗೆ ಇಳಿಕೆ ಹದಿನೇಳು ಪಾಯಿಂಟ್ ಎಂಟೊಂಬತ್ತು, ಸ್ಪರ್ಧಿಸಿಲ್ಲ. ಯಾರು ಹಳೇ ಪುಸ್ತಕ ಹಿಡ್ಕೊಂಡು ಹೋಲಿಸ್ತಾರೆ? ಇಪ್ಪತ್ತೊಂಬತ್ತು ವರ್ಷದ ಹೆಸರು ನಿಮ್ಮದು.”

ಹೇಳಿದ್ದು ಅವಳ ಮೇಲಿನ ಪ್ರೀತಿಗೇ. ಆ ಕ್ಷಣ ಅವಳಿಗೂ ಹೂಂ ಅಂದುಬಿಡೋಣ ಅನ್ನಿಸಿತು, ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೊಸ ಪುಸ್ತಕ ರಟ್ಟು ಕಟ್ಟಿಸಿಕೊಂಡು ಬರುವುದು ಸೋಮವಾರ. ಒಕ್ಕೂಟದ ಸಭೆ ಭಾನುವಾರ. ಅಲ್ಲಿ ಮೇಜಿನ ಮೇಲೆ ಬಿಚ್ಚಿಕೊಳ್ಳುವುದು ಹಳೆಯ ಪುಸ್ತಕ, ಅದರ ಕೆಳಗೆ ಅವಳ ಗುರುತು.

“ಹಳೇ ಪುಸ್ತಕ ಹಿಡ್ಕೊಂಡು ಒಕ್ಕೂಟದವರು ಈ ಭಾನುವಾರ ಅಂಗಡಿ ಮುಚ್ತಿದ್ದಾರೆ ಸರ್” ಎಂದಳು. “ತಿದ್ದುಪಡಿ ಶುಕ್ರವಾರದ ಪತ್ರಿಕೆಯಲ್ಲೇ ಬರಬೇಕು. ಹಳೇ ಅಂಕಿ, ಸರಿ ಅಂಕಿ, ಎರಡೂ. ತಪ್ಪು ಪರಿಶೀಲನೆಯದ್ದು ಅಂತಲೂ ಇರಬೇಕು. ಮುದ್ರಣ ದೋಷ ಅಂತ ಹಾಕಬೇಡಿ, ಅಚ್ಚಿನವರು ಕೊಟ್ಟದ್ದನ್ನ ಅಚ್ಚು ಹಾಕಿದ್ದಾರೆ ಅಷ್ಟೇ.”

ಸಂಪಾದಕರು ಒಂದು ಬಿಳಿ ಹಾಳೆಯನ್ನು ಅವಳ ಕಡೆ ತಳ್ಳಿ, “ನೀವೇ ಬರೆದು ಕೊಡಿ, ಒಂದಕ್ಷರ ಮುಟ್ಟಲ್ಲ” ಎಂದರು.

ಗುರುವಾರ ಅರ್ಧ ದಿನ ರಜೆ ಹಾಕಿ ಅವಳು ಆರೋಗ್ಯ ಕೇಂದ್ರಕ್ಕೆ ಹೋದಳು. ಬಾಗಿಲಲ್ಲಿ ಮಕ್ಕಳನ್ನು ಎತ್ತಿಕೊಂಡ ತಾಯಂದಿರ ಸಾಲು. ಒಳಗೆ ನರ್ಸಮ್ಮ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕಿರುಚುವ ಮಗುವಿನ ತೋಳಿಗೆ ಚುಚ್ಚುಮದ್ದು ಕೊಟ್ಟು, ಅದು ಬಾಯಿ ಮುಚ್ಚುವಷ್ಟರಲ್ಲಿ ಇನ್ನೊಂದನ್ನು ಹಿಡಿದಿದ್ದರು. ಶೇಕಡಕ್ಕ ಸಾಲಿನ ಕೊನೆಯಲ್ಲಿ ನಿಂತು, ತನ್ನ ಸರದಿ ಬಂದಾಗ ಸ್ಟೂಲಿನ ಮೇಲೆ ಕೂತಳು.

“ನಿಮಗೇನು ತೊಂದರೆ?” ಎಂದರು ನರ್ಸಮ್ಮ, ತಲೆ ಎತ್ತದೆ.

“ನಿಮ್ಮ ಕಾಗದಕ್ಕೆ ಉತ್ತರ ಬರೆದವಳು ನಾನು.” ಮೂಲಪಟ್ಟಿಯನ್ನು ಬಿಡಿಸಿ ಮೇಜಿನ ಮೇಲಿಟ್ಟಳು. “ನೀವು ಬರೆದದ್ದೇ ಸರಿ. ತಪ್ಪು ನಂದು. ಹೆಸರು ನೋಡದೆ ತಾಳೆ ಮಾಡಿದೆ. ಕ್ಷಮಿಸಿ ಅನ್ನೋಕೂ ಮುಖ ಇಲ್ಲ, ಆದ್ರೂ ಕೇಳ್ತಿದ್ದೀನಿ.”

ನರ್ಸಮ್ಮ ಕೈಗವಸು ಕಳಚಿ ಬುಟ್ಟಿಗೆ ಎಸೆದರು. ಹಾಳೆ ನೋಡಿದರು. ಮುಖ ಕೆಂಪಾಯಿತು. “ಐದು ವರ್ಷ ಆಯ್ತಮ್ಮ. ಈ ಸಲ ಒಕ್ಕೂಟದಲ್ಲಿ ಚುನಾವಣಾಧಿಕಾರಿ ಕೊಟ್ಟಿದ್ದ ಮತದ ಸರ್ಟಿಫಿಕೇಟ್ ತೋರಿಸ್ದೆ. ಪತ್ರಿಕೆಯವರು ಏನಂದ್ರು ಅಂತ ಕೇಳಿ, ನಿಮ್ಮ ಉತ್ತರ ತರಿಸ್ಕೊಂಡು ಅದನ್ನೇ ಮುಂದಿಟ್ಟು ನನ್ನ ಬಾಯಿ ಮುಚ್ಚಿಸಿದ್ರು. ಅಷ್ಟು ದೊಡ್ಡ ಪತ್ರಿಕೆಯವರು ಎರಡು ಸಲ ನೋಡಿ ಇಲ್ಲ ಅಂದಿದ್ದಾರೆ, ಈ ಹಾಳೆ ಎಲ್ಲಿ ಮಾಡಿಸ್ಕೊಂಡು ಬಂದ್ರಿ ಅಂತ ಕೇಳಿದ್ರು ಗೊತ್ತಾ? ನಾನು ಸುಳ್ಳುಗಾತಿ ಆದೆ.”

ಶೇಕಡಕ್ಕ ಮತ್ತೆ ಮಡಚಿಕೊಳ್ಳುತ್ತಿದ್ದ ಹಾಳೆಯ ಅಂಚನ್ನು ಬಿಡಿಸಿಟ್ಟಳು.

“ಅದೂ ಹೋಗ್ಲಿ. ಜನ ದಿನಾ ಬರ್ತಾರೆ ಇಲ್ಲಿಗೆ. ನಾನು ನಿಮಗೇ ಹಾಕಿದ್ದು, ನಮ್ಮನೆ ನಾಲ್ಕೂ ಜನ ಹಾಕಿದ್ದು, ಹೆಂಗೆ ಹಂಗಾಯ್ತು ಅಂತಾರೆ. ಏನು ಹೇಳ್ಲಿ? ಹಾಕಿದ್ದೀನಿ ಅನ್ನೋರು ಹಾಕಿಲ್ಲ ಅಂತ ನನಗೇ ಅನುಮಾನ ಬರೋಕೆ ಶುರುವಾಯ್ತು. ಅದು ಬಂದ್ಮೇಲೆ ಅವರ ಮಕ್ಕಳಿಗೇ ಸೂಜಿ ಹಿಡಿಯೋದು ಎಷ್ಟು ಕಷ್ಟ, ನಿಮಗೆ ಗೊತ್ತಾಗಲ್ಲ.” ಹೊರಗೆ ಮಗುವೊಂದು ಅತ್ತಿತು. ಅವರು ಎದ್ದು ಹೊಸ ಕೈಗವಸು ಹಾಕಿಕೊಂಡರು. “ನಾಳೆ ಪತ್ರಿಕೆಯಲ್ಲಿ ಬರುತ್ತಾ?”

“ಬರುತ್ತೆ.”

“ಪತ್ರಿಕೆ ಸಾಲಲ್ಲ. ಅವರು ಓದಲ್ಲ, ಓದಿದ್ರೂ ಒಪ್ಪಲ್ಲ. ಭಾನುವಾರ ಹತ್ತು ಗಂಟೆಗೆ ಸಭೆಗೆ ಬಂದು ನೀವೇ ಹೇಳಿ. ಬರ್ತೀರಾ?”

ಸಭೆಯಲ್ಲಿ ಎದ್ದು ಮಾತಾಡುವುದು ಅವಳ ಜೀವಮಾನದಲ್ಲಿ ಇರಲಿಲ್ಲ. ಬರುತ್ತೇನೆ ಎಂದಳು.

ಭಾನುವಾರ ಬೆಳಿಗ್ಗೆ ಗಂಡ ಅಂಗಡಿ ತೆರೆಯದೆ ಅವಳ ಜೊತೆಗೇ ಹೊರಟ. ದಾರಿಯುದ್ದಕ್ಕೂ ರೇಗಿಸಲಿಲ್ಲ. ಸಭೆ ಇದ್ದದ್ದು ಚಾಲಕರ ಸಂಘದ ಮಹಡಿ ಮೇಲೆ, ಎರಡು ಫ್ಯಾನುಗಳ ಉದ್ದನೆಯ ಕೋಣೆಯಲ್ಲಿ. ನೂರಿಪ್ಪತ್ತು ಜನ ಇದ್ದರು. ‘ಸುಮಾರು’ ಅನ್ನಬಾರದೆಂದು ಅವಳು ಒಂದೊಂದು ತಲೆಯನ್ನೂ ಎಣಿಸಿದ್ದಳು. ಮುಂದೆ ಮೇಜು, ಮೇಜಿನ ಮೇಲೆ ಹಳೆಯ ಕೈಪಿಡಿ. ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಮಾಸ್ತರರು ಶುಕ್ರವಾರದ ಪತ್ರಿಕೆಯ ತುಣುಕನ್ನು ಎತ್ತಿ ಹಿಡಿದು, “ಇದರಲ್ಲಿ ಒಂಥರ, ಅದರಲ್ಲಿ ಒಂಥರ. ಯಾವುದನ್ನ ನಂಬೋದಮ್ಮ? ಆಗಲೂ ನೀವೇ ಸರಿ ಅಂದಿದ್ರಿ, ಈಗಲೂ ನೀವೇ ಅಂತೀರಿ” ಎಂದರು.

“ನನ್ನ ನಂಬಬೇಡಿ ಸರ್” ಎಂದಳು ಶೇಕಡಕ್ಕ. “ಇದು ಮೂಲಪಟ್ಟಿ, ಸಹಿ ಸೀಲು ಇದೆ. ನಿಮ್ಮಲ್ಲೇ ಇಬ್ಬರು ಬಂದು ಓದಿ. ಮೊದಲು ಹೆಸರು, ಆಮೇಲೆ ಮತ.”

ಚಾಲಕರೊಬ್ಬರು, ತರಕಾರಿ ಅಂಗಡಿಯ ಹೆಂಗಸೊಬ್ಬರು ಬಂದು ಗಟ್ಟಿಯಾಗಿ ಓದಿದರು. ಶೇಕಡಕ್ಕ ಗೋಡೆಯ ಹಲಗೆಯ ಮೇಲೆ ಬರೆಯುತ್ತಾ ಹೋದಳು. ಎಲ್ಲ ಸೇರಿ 46,210. 8,267ನ್ನು ಅದರಿಂದ ಭಾಗಿಸಿ, ನೂರರಿಂದ ಗುಣಿಸಿ, 17.89 ಎಂದು ನರ್ಸಮ್ಮನ ಹೆಸರಿನ ಎದುರು ಬರೆದಳು. ಯಜಮಾನನ ಎದುರು ಆಗ 3.10, ಈಗ 3.18. “ಯಜಮಾನರ ಮತ ಬಿದ್ದಿಲ್ಲ, ಇದ್ದಲ್ಲೇ ಇದೆ. ಈ ಹದಿನೇಳು ಪಾಯಿಂಟ್ ಎಂಟೊಂಬತ್ತರವರು ಈ ಸಲ ಕಣದಲ್ಲೇ ಇರಲಿಲ್ಲ. ಅವರ ಮತದಾರರು ಎಲ್ಲಿಗೆ ಹೋದ್ರು ಅಂತ ನಾನು ಹೇಳಲ್ಲ, ಅದು ಈ ಅಂಕಿಯಲ್ಲಿ ಇಲ್ಲ. ನಿಮಗೆ ಬೆನ್ನು ತಿರುಗಿಸಿದ್ರು ಅನ್ನೋದೂ ಇದರಲ್ಲಿ ಇಲ್ಲ.”

ಕೋಣೆಯಲ್ಲಿ ಗುಸುಗುಸು ಎದ್ದಿತು. ಮಾಸ್ತರರು ಸೈಕಲ್ ಯಜಮಾನನ ಕಡೆ ತಿರುಗಿದರು. ಅವನು ಮೂಲೆಯಲ್ಲಿ ಕೂತಿದ್ದವನು ಎದ್ದು ನಿಂತ.

“ನನ್ನದು ಸಾವಿರದ ನಾನೂರ ಮೂವತ್ತೆರಡೇ” ಎಂದ. “ಪುಸ್ತಕ ಬಂದ ದಿನವೇ ನೋಡಿದ್ದೆ. ಅಚ್ಚಾಗಿರೋದನ್ನ ನಾನ್ಯಾಕೆ ತಿದ್ದಲಿ ಅಂತ ಸುಮ್ಮನಿದ್ದೆ. ಎಂಟು ಸಾವಿರ ಅಂತ ಎಲ್ಲರೂ ನಮಸ್ಕಾರ ಹೊಡೀವಾಗ ಖುಷಿಯಾಗ್ತಿತ್ತು. ನನ್ನ ತಪ್ಪು ಪತ್ರಿಕೆಯ ಆ ಯಮ್ಮನ ತಪ್ಪಿಗಿಂತ ದೊಡ್ಡದು, ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.” ನರ್ಸಮ್ಮನ ಕಡೆ ನೋಡಲಾರದೆ ನೆಲ ನೋಡಿದ. “ನಿಲ್ಲಿಸೋದಾದ್ರೆ ಅವರನ್ನೇ ನಿಲ್ಲಿಸಿ. ಸೂಚಕನಾಗಿ ನಾನೇ ಸಹಿ ಹಾಕ್ತೀನಿ, ಅವರು ಒಪ್ಪಿದ್ರೆ.”

ಆಮೇಲೆ ಒಂದು ಗಂಟೆ ಜಗಳವಾಯಿತು. ಆಗದೇ ಇದ್ದರೆ ಅದು ಒಕ್ಕೂಟವೇ ಅಲ್ಲ. ಕೊನೆಗೆ ಕೈ ಎತ್ತಿಸಿದರು. ನೂರಿಪ್ಪತ್ತರಲ್ಲಿ ತೊಂಬತ್ತಾರು ಕೈ ನರ್ಸಮ್ಮನ ಪರ. ಶೇಕಡಾ ಎಂಬತ್ತು, ದುಂಡು ಮಾಡುವ ಪ್ರಮೇಯವೇ ಬರಲಿಲ್ಲ. ನರ್ಸಮ್ಮ ಎದ್ದು ಭಾಷಣ ಮಾಡಲಿಲ್ಲ. ಮೂಗು ಒರೆಸಿಕೊಂಡು, “ನಾಮಪತ್ರಕ್ಕೆ ಏನೇನು ಬೇಕು?” ಎಂದು ಕೇಳಿದರು. ಜನ ನಕ್ಕರು. ಶೇಕಡಕ್ಕನೂ ನಕ್ಕಳು, ಕಣ್ಣು ತುಂಬಿಕೊಂಡೇ.

ಜನ ಮಹಡಿ ಇಳಿಯತೊಡಗಿದರು. ಅವಳು ಹಲಗೆ ಒರೆಸಲು ಬಟ್ಟೆ ಎತ್ತಿದಾಗ ಪಕ್ಕದಲ್ಲಿ ಯಾರೋ ಬಂದು ನಿಂತರು. ಸಂತೆಯಲ್ಲಿ ಪೊರಕೆ ಮಾರುವ ಅಜ್ಜಿ, ಬೆನ್ನು ಬಾಗಿತ್ತು. ಹಲಗೆಯ ಮೇಲಿನ ಅಂಕಿಯನ್ನು ಬೆರಳಿನಿಂದ ತೋರಿಸಿದಳು.

“ತಾಯಿ, ನನಗೆ ಓದೋಕೆ ಬರಲ್ಲ. ನಾನು ಆವತ್ತು ನರ್ಸಮ್ಮಂಗೇ ಒತ್ತಿದ್ದೆ. ಮನೇಲಿ ಮಗ ನಗಾಡ್ದ, ನೀನು ತಪ್ಪು ಒತ್ತಿರ್ತೀಯ, ನಿನ್ನ ಓಟು ಎಲ್ಲೋ ಹೋಗಿದೆ ಅಂತ. ಇದ್ರಲ್ಲಿ ನಂದು ಐತಾ?”

ಶೇಕಡಕ್ಕ ಬಟ್ಟೆ ಕೆಳಗಿಟ್ಟಳು. ಅಜ್ಜಿಯ ಬೆರಳನ್ನು ಹಿಡಿದು ಅಂಕಿಯ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಆಡಿಸಿದಳು.

“ಐತೆ ಅಜ್ಜಿ. ನಿಮ್ಮದೂ ಸೇರಿ ಎಂಟು ಸಾವಿರದ ಇನ್ನೂರ ಅರವತ್ತೇಳು.”